ಬೋರ್ ನೀರಿಗೆ ಯಾವ ಫಿನಿಶ್ ನಲ್ಲಿ ತಡೆಯತ್ತೆ?

ಕೇಳಿದವರು (ತೀರ್ಥಹಳ್ಳಿ ಹತ್ರ): ಹೊಸ ಮನೆಗೆ ನಲ್ಲಿ ತಗೋಬೇಕು. ಮಗಳಿಗೆ ಮ್ಯಾಟ್ ಬ್ಲ್ಯಾಕೇ ಬೇಕಂತೆ, ಯಜಮಾನ್ರು ಕ್ರೋಮ್ ಸಾಕು ಅಂತಾರೆ, ಅಂಗಡಿಯವ್ರು ಬ್ರಶ್ಡ್ ನಿಕಲ್ ತೋರಿಸ್ತಿದಾರೆ. ನಮ್ದು ಬೋರ್ ನೀರು, ಬಕೆಟ್ಟಲ್ಲಿ ಬಿಳಿ ಪದರ ಕಟ್ಟತ್ತೆ, ಕೆಳಗೆ ಸ್ವಲ್ಪ ಕೆಂಪೂ ನಿಲ್ಲತ್ತೆ. ಬಳಸಿದವ್ರು ಹೇಳಿ.

ಶಿವಮೊಗ್ಗ ಪೇಟೆಯವರು: ಕಣ್ಣು ಮುಚ್ಚಿ ಕಪ್ಪು ತಗೊಳಿ. ನಮ್ಮನೇಲಿ ಅಡುಗೆಮನೆ, ಬಚ್ಚಲು ಎರಡೂ ಕಡೆ ಕಪ್ಪೇ ಇರೋದು, ಕೈ ಗುರುತು ಕಾಣಲ್ಲ, ಕಲೆ ಕಾಣಲ್ಲ, ಕ್ರೋಮ್ ಆದ್ರೆ ಮುಟ್ಟಿದ್ರೆ ಸಾಕು ಬೆರಳಚ್ಚು.

ಸಾಗರದಲ್ಲಿ ಪ್ಲಂಬಿಂಗ್ ಕೆಲಸ ಮಾಡೋರು: ಪೇಟೆಯವ್ರು ಹೇಳಿದ್ದು ಅವ್ರ ಮನೆಗೆ ಸರಿ, ಅಲ್ಲಿ ಬರೋದು ತುಂಗೆ ನೀರು, ಅದ್ರಲ್ಲಿ ಸುಣ್ಣ ಕಮ್ಮಿ. ಬೋರ್ ನೀರಿಗೆ ಹಂಗಲ್ಲ, ಹನಿ ಒಣಗಿದ ಕಡೆ ಬಿಳಿ ಚುಕ್ಕೆ ಉಳಿಯತ್ತೆ, ಕಪ್ಪಿನ ಮೇಲೆ ಅದು ದೂರದಿಂದ್ಲೇ ಕಾಣತ್ತೆ, ಕ್ರೋಮ್ ಮೇಲೆ ಹತ್ರ ಹೋದ್ರೆ ಕಾಣತ್ತೆ, ಬ್ರಶ್ಡ್ ಮೇಲೆ ಹುಡುಕ್ಬೇಕು. ಬೆರಳಚ್ಚಿಗೂ ಬ್ರಶ್ಡೇ ಒಳ್ಳೇದು. ಕಪ್ಪಿನ ಮೇಲೆ ಒಣಗಿದ ಬೆರಳು ಕಾಣಲ್ಲ, ಆದ್ರೆ ಎಣ್ಣೆ ಕೈ ಮುಟ್ಟಿದ್ರೆ ಮಿಂಚೋ ಮಚ್ಚೆ ಆಗತ್ತೆ.

ಬಣ್ಣಕ್ಕಿಂತ ಮುಖ್ಯ ಅದನ್ನ ಹೆಂಗೆ ಹಾಕಿದಾರೆ ಅನ್ನೋದು. ಕಪ್ಪಿನಲ್ಲಿ ಪೌಡರ್ ಕೋಟ್ ಅಂದ್ರೆ ಪೇಂಟ್ ಥರ ಪದರ, ಉಂಗುರ ತಾಗಿ ಪಾತ್ರೆ ಬಡಿದು ಚಕ್ಕೆ ಎದ್ರೆ ಒಳಗಿನ ಹಿತ್ತಾಳೆ ಹಳದಿ ಕಾಣತ್ತೆ, ಆಮೇಲೆ ಸರಿ ಮಾಡೋಕೆ ಆಗಲ್ಲ. ಪಿವಿಡಿ ಅಂತ ಬಾಕ್ಸ್ ಮೇಲೆ ಬರ್ದಿದ್ರೆ ಅದು ಲೋಹದ ಆವಿಯಿಂದ ಕೂರಿಸಿದ ಗಟ್ಟಿ ಪದರ, ಗೀರು ತುಂಬಾ ತಡೆಯತ್ತೆ, ಬೆಲೆನೂ ಹಂಗೇ ಜಾಸ್ತಿ. ಬ್ರಶ್ಡ್ ನಿಕಲ್‌ನಲ್ಲೂ ಪಿವಿಡಿ ಇದೆ, ಬರೀ ನಿಕಲ್ ಲೇಪನದ್ದೂ ಇದೆ, ಅಂಗಡೀಲಿ ಕೇಳ್ಲೇಬೇಕು. ಕ್ರೋಮ್ ಪದರ ತೆಳು ಆದ್ರೂ ಗಟ್ಟಿ.

ಹೊಸನಗರದ ತೋಟದವರು: ನಮ್ದು ಬೇರೆ ಕಥೆ ಮಾರಾಯ್ರೆ, ಅಡಿಕೆ ಬೇಯಿಸೋ ಟೈಮಲ್ಲಿ ಚೊಗರು ಕೈಯಲ್ಲೇ ನಲ್ಲಿ ತಿರುಗಿಸ್ತೀವಿ, ಹಿಡಿಕೆ ಎಲ್ಲಾ ಕಂದು. ಅದಕ್ಕೆ ಬೂದಿ, ತೆಂಗಿನ ನಾರು ಹಾಕಿ ಉಜ್ಜಿದ್ರೆ ಹೋಗತ್ತೆ. ಸಿಂಕಿಗೆ ಯಾವ ಸ್ಟೀಲ್ ಒಳ್ಳೇದು ಅಂತನೂ ಯಾರಾದ್ರೂ ಹೇಳಿ.

ಸಾಗರದವರು: ಸಿಂಕ್ ಬೇರೆ ಕೇಳಿ, ಆದ್ರೆ ಬೂದಿ ಮಾತ್ರ ನಲ್ಲಿಗೆ ಬೇಡ. ಕ್ರೋಮ್ ಮೇಲೆ ಸುತ್ತು ಸುತ್ತು ಗೀರು ಬಿದ್ದು ಮಂಕಾಗತ್ತೆ, ಮ್ಯಾಟ್ ಕಪ್ಪು ಉಜ್ಜಿದ ಜಾಗದಲ್ಲಿ ಮಿಂಚೋಕೆ ಶುರು ಮಾಡತ್ತೆ, ಅದು ವಾಪಸ್ ಮ್ಯಾಟ್ ಆಗಲ್ಲ. ಚೊಗರು ಹಸಿ ಇದ್ದಾಗ್ಲೇ ಸೋಪ್ ನೀರಲ್ಲಿ ಒರೆಸಿ. ಬ್ರಶ್ಡ್ ಇದ್ರೆ ಗೆರೆ ಹೋದ ದಿಕ್ಕಲ್ಲೇ ಮೆತ್ತಗೆ ಒರೆಸ್ಬೇಕು, ಅಡ್ಡ ಉಜ್ಜಿದ್ರೆ ಗೀರು ಎದ್ದು ಕಾಣತ್ತೆ.

ಕೇಳಿದವ್ರಿಗೆ: ಮೊದ್ಲು ಆ ಬಕೆಟ್ ಪದರದ ಮೇಲೆ ನಿಂಬೆ ರಸ ಬಿಟ್ಟು ನೋಡಿ. ಸಣ್ಣಗೆ ನೊರೆ ಬಂದ್ರೆ ಸುಣ್ಣ. ನೊರೆ ಬರದೆ ಕೆಂಪಾಗೇ ನಿಂತ್ರೆ ಕಬ್ಬಿಣ, ಅದಕ್ಕೆ ಬ್ಲೀಚ್ ಹಾಕಿದ್ರೆ ಕಲೆ ಇನ್ನೂ ಕಚ್ಚಿಕೊಳ್ಳತ್ತೆ. ನಲ್ಲಿ ಬಾಯಿ ಸುತ್ತ ಸುಣ್ಣ ಕಟ್ಟಿದ್ರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆ ನೆನೆಸಿ ಸುತ್ತಿ, ಕ್ರೋಮ್ ಆದ್ರೆ 10 ನಿಮಿಷ ಬಿಟ್ಟು ತೊಳೆದು ಒಣ ಬಟ್ಟೇಲಿ ಒರೆಸಿ. ಕಪ್ಪು, ನಿಕಲ್ ಎರಡಕ್ಕೂ ಅಷ್ಟು ಹೊತ್ತು ಬೇಡ, ಮೊದ್ಲು ಅಡಿಭಾಗದಲ್ಲಿ ಒಂದು ನಿಮಿಷ ಇಟ್ಟು ನೋಡಿ, ಬಣ್ಣ ಬದಲಾಗದಿದ್ರೆ ಮಾತ್ರ ಮುಂದುವರಿಸಿ. ಬಾಯಲ್ಲಿರೋ ಜಾಲರಿ ಬಿಚ್ಚಿ ಬೇರೆಯಾಗಿ ನೆನೆಸಿದ್ರೆ ನಲ್ಲಿಗೆ ಆಸಿಡ್ ತಾಗೋದೇ ಇಲ್ಲ. ಟಾಯ್ಲೆಟ್ ಕ್ಲೀನರ್ ಮಾತ್ರ ಯಾವುದಕ್ಕೂ ಹಾಕ್ಬೇಡಿ, ಅದ್ರಲ್ಲಿರೋ ಹೈಡ್ರೋಕ್ಲೋರಿಕ್ ಆಸಿಡ್ ಕ್ರೋಮ್ ಪದರನೇ ತಿನ್ನತ್ತೆ, ಆಮೇಲೆ ಹಸಿರು ಚುಕ್ಕೆ ಬರ್ತಾ ಹೋದ್ರೆ ಒಳಗಿನ ಹಿತ್ತಾಳೆವರೆಗೂ ಹೋಗಿದೆ ಅಂತ ಅರ್ಥ.

ಭದ್ರಾವತಿಯವರು: ನಮ್ಮನೇ ಬ್ರಶ್ಡ್ ನಿಕಲ್ ಆಸಿಡ್ ಏನೂ ತಾಗ್ದೇನೇ ಹಳದಿ ತಿರುಗ್ತಾ ಬಂದಿದೆ ಅಲ್ವಾ, ಅದಕ್ಕೇನಂತೀರಾ?

ಸಾಗರದವರು: ಬರೀ ನಿಕಲ್ ಲೇಪನ ಆದ್ರೆ ಗಾಳಿ, ತೇವಕ್ಕೆ ಹಳದಿ ಆಗೋದುಂಟು, ನಮ್ಮಲ್ಲಿ ಮಳೆಗಾಲ ಉದ್ದ ಬೇರೆ. ಮೇಲೆ ಲ್ಯಾಕರ್ ಇದ್ರೆ ಅದೇ ಹಳದಿ ಆಗಿರ್ಲೂಬಹುದು. ಬಾಕ್ಸ್ ಇದ್ರೆ ನೋಡಿ, ಪಿವಿಡಿ ಅಂತ ಇದ್ರೆ ಅಂಗಡಿಗೆ ವಾರಂಟಿ ಕೇಳ್ಬಹುದು.

ಭದ್ರಾವತಿಯವರು: ಬಾಕ್ಸ್ ಇಲ್ಲ. ಬಿಲ್ ಇದೆ, ಅದ್ರಲ್ಲಿ ಫಿನಿಶ್ ಬರ್ದಿಲ್ಲ.

ಕೇಳಿದವರು: ನಿಂಬೆ ಬಿಟ್ಟೆ, ನೊರೆ ಬಂತು, ಆದ್ರೆ ಕೆಳಗಿನ ಕೆಂಪು ಹಂಗೇ ಇದೆ, ಎರಡೂ ಇದೆ ಅನ್ಸತ್ತೆ. ಅಡುಗೆಮನೆ ಮತ್ತೆ ಅತ್ತೆ ಎಣ್ಣೆ ಸ್ನಾನ ಮಾಡೋ ಬಚ್ಚಲಿಗೆ ಕ್ರೋಮ್, ಮಗಳ ರೂಮಿನ ವಾಶ್ ಬೇಸಿನ್ ಒಂದಕ್ಕೆ ಪಿವಿಡಿ ಕಪ್ಪು ಅಂತ ಯೋಚ್ನೆ. ಬೇಸಿನ್ ಒರೆಸೋ ಕೆಲ್ಸ ಅವಳದೇ ಅಂತ ಹೇಳಿದೀನಿ.