ಎಲ್‌1, ಎಲ್‌2 ಕ್ಯಾಶ್ ಸರಾಸರಿ ಟೈಮ್: ನಂಗೆ 2.855 ಬರ್ತಿದೆ, ಉತ್ತರ 4.97 ಅಂತಿದೆ

ಮಳೆಹುಳು:
ಒಂದು ಲೆಕ್ಕ ತಲೆ ತಿಂತಿದೆ, ಯಾರಾದ್ರೂ ನೋಡ್ತೀರಾ. ಎಲ್‌1 ಹಿಟ್ ಟೈಮ್ 2 ಸೈಕಲ್, ಎಲ್‌2 ಹಿಟ್ ಟೈಮ್ 12 ಸೈಕಲ್, ಅಲ್ಲೂ ಸಿಗ್ಲಿಲ್ಲ ಅಂದ್ರೆ ಮೇನ್ ಮೆಮೊರಿ ಪೆನಾಲ್ಟಿ 150 ಸೈಕಲ್. ಪ್ರೋಗ್ರಾಮ್ 1000 ಸಲ ಮೆಮೊರಿ ಆಕ್ಸೆಸ್ ಮಾಡಿದ್ರೆ ಎಲ್‌1ನಲ್ಲಿ 60 ಮಿಸ್, ಎಲ್‌2ನಲ್ಲಿ 15 ಮಿಸ್. ಸರಾಸರಿ ಆಕ್ಸೆಸ್ ಟೈಮ್ ಎಷ್ಟು ಅಂತ ಪ್ರಶ್ನೆ. ನಾನು ಎಲ್‌1 ಮಿಸ್ ರೇಟ್ 0.06, ಎಲ್‌2 ಮಿಸ್ ರೇಟ್ 0.015 ಅಂತ ತಗೊಂಡು ಹೀಗೆ ಹಾಕ್ದೆ:

```
AMAT = 2 + 0.06 * (12 + 0.015 * 150)
     = 2 + 0.06 * 14.25
     = 2.855
```

ಹಿಂದುಗಡೆ ಉತ್ತರ 4.97 ಅಂತಿದೆ. ಫಾರ್ಮುಲಾ ಸರಿಯಾಗೇ ಇದೆ ಅಲ್ವಾ? ಉತ್ತರದಲ್ಲೇ ಪ್ರಿಂಟ್ ಮಿಸ್ಟೇಕ್ ಏನಾದ್ರೂ ಇರಬಹುದಾ?

ಗುಂಡುಪಿನ್:
ಗುರು ಇಷ್ಟೊಂದು ಕಷ್ಟ ಯಾಕೆ, ಸೀದಾ ವೆಯ್ಟೆಡ್ ಆವರೇಜ್ ತಗೋ. 1000ದಲ್ಲಿ 940 ಎಲ್‌1ನಲ್ಲೇ ಸಿಕ್ತು, 45 ಎಲ್‌2ನಲ್ಲಿ ಸಿಕ್ತು, 15 ಮಾತ್ರ ಮೆಮೊರಿಗೆ ಹೋಯ್ತು. ಒಂದೊಂದಕ್ಕೂ ಅದರದರ ಟೈಮ್ ಹಾಕಿ ಕೂಡಿಸು, ಅಷ್ಟೇ.

```
0.94*2 + 0.045*12 + 0.015*150 = 4.67
```

4.97 ಅಲ್ಲ, 4.67 ಬರತ್ತೆ. ಪ್ರಿಂಟ್‌ನಲ್ಲಿ 6 ಹೋಗಿ 9 ಆಗಿರ್ಬೇಕು.

ಹಳೇ ಬೋರ್ಡು:
ಪ್ರಿಂಟ್ ಸರಿಯಾಗೇ ಇದೆ. ಇಬ್ಬರದ್ದೂ ಬೇರೆ ಬೇರೆ ಕಡೆ ಜಾರಿದೆ, ಮೊದಲು ಮಳೆಹುಳುದು ನೋಡೋಣ.

ಫಾರ್ಮುಲಾ ಪಕ್ಕಕ್ಕಿಟ್ಟು ಬರೀ 1000 ಆಕ್ಸೆಸ್ ಎಣಿಸು. ಸಾವಿರಕ್ಕೆ ಸಾವಿರವೂ ಎಲ್‌1 ಬಾಗಿಲು ತಟ್ಟಲೇಬೇಕು, ಸಿಗ್ಲಿ ಬಿಡ್ಲಿ, ಅದಕ್ಕೆ 2000 ಸೈಕಲ್ ಹೋಯ್ತು. ಅಲ್ಲಿ ಸಿಗದೇ ಇರೋ 60 ಎಲ್‌2ಗೆ ಹೋಗತ್ವೆ, ಅವಕ್ಕೆ 60 × 12, ಅಂದ್ರೆ 720. ಅದರಲ್ಲಿ 15 ಅಲ್ಲೂ ಸಿಗದೆ ಮೆಮೊರಿ ತನಕ ಹೋಗಿ ಬರತ್ವೆ, 15 × 150 ಅಂದ್ರೆ 2250. ಒಟ್ಟು 4970, ಸಾವಿರದಿಂದ ಭಾಗಿಸಿದ್ರೆ 4.97.

ಈಗ ನಿನ್ನ ಲೆಕ್ಕದಲ್ಲಿ ಮೆಮೊರಿಗೆ ಎಷ್ಟು ಹೋಗಿವೆ ನೋಡು. 1000 × 0.06 × 0.015 ಅಂದ್ರೆ 0.9, ಸಾವಿರಕ್ಕೆ ಒಂದೂ ಇಲ್ಲ! ಆದ್ರೆ ಪ್ರಶ್ನೆಯಲ್ಲಿ ಸ್ಪಷ್ಟವಾಗಿ 15 ಅಂತಿದೆ. ನೀನು ತಗೊಂಡಿರೋ 0.015 ಇಡೀ ಸಾವಿರದ ಲೆಕ್ಕದ್ದು, ಅಂದ್ರೆ ಗ್ಲೋಬಲ್ ಮಿಸ್ ರೇಟ್, ಅದರೊಳಗೆ ಎಲ್‌1ನ 0.06 ಆಗಲೇ ಸೇರ್ಕೊಂಡಿದೆ, ಅದನ್ನ ಬ್ರಾಕೆಟ್ ಒಳಗಿಟ್ಟು ಮತ್ತೆ 0.06ರಿಂದ ಗುಣಿಸಿದ್ದಕ್ಕೆ ಮೆಮೊರಿ ಖರ್ಚು ಹೆಚ್ಚುಕಮ್ಮಿ ಮಾಯವೇ ಆಯ್ತು. ಬ್ರಾಕೆಟ್ ಒಳಗೆ ಬೇಕಾಗಿರೋದು ಎಲ್‌2 ತನಕ ಬಂದ 60ರಲ್ಲಿ ಎಷ್ಟು ಮಿಸ್ ಅನ್ನೋದು, ಅಂದ್ರೆ ಲೋಕಲ್ ರೇಟ್, 15/60.

```
AMAT = 2 + 0.06 * (12 + 0.25 * 150)
     = 2 + 0.06 * 49.5
     = 4.97
```

ಗುಂಡುಪಿನ್, ನಿನ್ನ 940, 45, 15 ವಿಂಗಡಣೆ ಸರಿಯಾಗಿದೆ, ಟೈಮ್ ಹಾಕಿದ್ದು ಸರಿಯಿಲ್ಲ. ಎಲ್‌2ನಲ್ಲಿ ಸಿಕ್ಕ 45 ಮೊದಲು ಎಲ್‌1ನಲ್ಲಿ 2 ಸೈಕಲ್ ಕಳ್ಕೊಂಡೇ ಬಂದಿರೋದು, ಹಂಗಾಗಿ ಅವಕ್ಕೆ 14. ಮೆಮೊರಿಗೆ ಹೋದವಕ್ಕೆ 2 + 12 + 150 ಅಂದ್ರೆ 164. ಹಂಗೆ ಹಾಕು, ನಿನ್ನ ದಾರಿಯಲ್ಲೂ 1.88 + 0.63 + 2.46, ಅದೇ 4.97 ಬರತ್ತೆ.

ಗುಂಡುಪಿನ್:
ಆದ್ರೆ 12 ಅನ್ನೋದು ಲೋಡ್ ಶುರುವಾದಾಗಿಂದ ಡೇಟಾ ಕೈಗೆ ಬರೋ ತನಕದ ಒಟ್ಟು ಟೈಮ್ ಆಗಿರಬಹುದಲ್ವಾ? ಪ್ರೊಸೆಸರ್ ಲೇಟೆನ್ಸಿ ಟೇಬಲ್‌ಗಳಲ್ಲಿ ಹಂಗೇ ಕೊಡೋದು, ಎಲ್‌2 ಲೇಟೆನ್ಸಿ ಅಂದ್ರೆ ಎಲ್‌1ನಲ್ಲಿ ಹುಡುಕಿದ್ದೂ ಸೇರಿಸೇ. 150ಕ್ಕೂ ಅದೇ ಅರ್ಥ ಇಟ್ಕೊಂಡ್ರೆ ನನ್ನ 4.67 ಸರಿ.

ಹಳೇ ಬೋರ್ಡು:
ಅಳೆದು ಬರೆದ ಟೇಬಲ್ ಆದ್ರೆ ನೀನು ಹೇಳಿದ್ದು ಒಪ್ತೀನಿ, ಅಲ್ಲಿ ಮತ್ತೆ ಕೂಡಿಸಿದ್ರೆ ಎರಡೆರಡು ಸಲ ಎಣಿಸಿದಂಗೆ. ಆದ್ರೆ ಈ ಪ್ರಶ್ನೆಯಲ್ಲಿ "ಹಿಟ್ ಟೈಮ್", "ಪೆನಾಲ್ಟಿ" ಅಂತ ಬರೆದಿದ್ದಾರೆ. ಪೆನಾಲ್ಟಿ ಅಂದ್ರೆ ಮೇಲಿನ ಲೆವೆಲ್‌ನ ಟೈಮ್ ಮೇಲೆ ಎಕ್ಸ್‌ಟ್ರಾ ಬೀಳೋದು.

ಗುಂಡುಪಿನ್:
ಪೆನಾಲ್ಟಿಗೆ ಸರಿ, ಆದ್ರೆ ಎಲ್‌2 ಹಿಟ್ ಟೈಮ್ ಎಲ್ಲಿಂದ ಎಣಿಸಿದ್ದು ಅಂತ ಪ್ರಶ್ನೆಯಲ್ಲಿ ಎಲ್ಲಿದೆ ಹೇಳು. ಬರೆದವರು ಒಂದು ಸಾಲು ಜಾಸ್ತಿ ಬರೀಬೇಕಿತ್ತು ಅಷ್ಟೇ ನಾನು ಹೇಳೋದು.

ತಂತಿಬೇಲಿ:
ಇಲ್ಲೇ ಕೇಳ್ಬಿಡ್ತೀನಿ, ನಂದೂ ಇದೇ ಥರದ್ದು. ನನ್ನ ಪ್ರೋಗ್ರಾಮ್ ಮೇಲೆ ಇದನ್ನ ಓಡಿಸ್ದೆ:

```
perf stat -e L1-dcache-loads,L1-dcache-load-misses,LLC-loads,LLC-load-misses ./prog
```

ಎಲ್‌1 ಮಿಸ್ 4% ಬಂತು, ಅದೇನೋ ಪರವಾಗಿಲ್ಲ, ಆದ್ರೆ LLC ಮಿಸ್ 60% ತೋರಿಸ್ತಿದೆ! ಎಲ್‌2 ಹಾಳಾಗಿದ್ಯಾ? ಇದೇ 0.04, 0.6 ಈ ಫಾರ್ಮುಲಾಗೆ ಹಾಕಿದ್ರೆ ಸಾಕಲ್ವಾ?

ಹಳೇ ಬೋರ್ಡು:
ಹಾಕ್ಬೇಡಿ. LLC ಅಂದ್ರೆ ಕೊನೇ ಲೆವೆಲ್ ಕ್ಯಾಶ್, ನಿಮ್ಮ ಪ್ರೊಸೆಸರ್‌ನಲ್ಲಿ ಎಲ್‌3 ಇದ್ರೆ ಅದು ಬಹುತೇಕ ಎಲ್‌3 ನಂಬರು. ನಡುವೆ ಎಲ್‌2 ಎಷ್ಟು ತಡೆದಿದೆ ಅಂತ ಈ ನಾಲ್ಕು ಕೌಂಟರ್‌ನಿಂದ ಗೊತ್ತಾಗಲ್ಲ, `perf list` ಮಾಡಿ ನಿಮ್ಮ ಪ್ರೊಸೆಸರ್‌ಗೆ ಎಲ್‌2 ಇವೆಂಟ್ ಬೇರೆ ಇದೆಯಾ ನೋಡ್ಬೇಕು. ಪ್ರಿಫೆಚರ್ ಮುಂಚೆನೇ ತಂದಿಟ್ಟದ್ದು ಆ ಎಣಿಕೆಯಲ್ಲಿ ಸೇರತ್ತಾ ಇಲ್ವಾ ಅನ್ನೋದೂ ಪ್ರೊಸೆಸರ್ ಮೇಲೆ ಹೋಗತ್ತೆ.

60% ನೋಡಿ ಗಾಬರಿ ಆಗೋದು ಬೇಡ. ಸುಲಭವಾಗಿ ಸಿಗೋದನ್ನೆಲ್ಲ ಎಲ್‌1 ತಿಂದು ಮುಗಿಸಿರತ್ತೆ, ಕೆಳಗಡೆ ಬರೋದು ಬರೀ ಸಿಗದ ಗಿರಾಕಿಗಳೇ, ಲೋಕಲ್ ರೇಟ್ ಜಾಸ್ತಿ ಕಾಣೋದು ಸಹಜ. ಮೇಲಿನ ಲೆಕ್ಕದಲ್ಲೇ ಎಲ್‌1 ದೊಡ್ಡದು ಮಾಡಿ 60 ಮಿಸ್ 30ಕ್ಕೆ ಇಳಿಸಿದ್ವಿ ಅಂತಿಟ್ಕೊಳ್ಳಿ, ಎಲ್‌2ನಲ್ಲಿ ಮಾತ್ರ ಅದೇ 15. ಲೋಕಲ್ ರೇಟ್ 25%ನಿಂದ 50%ಗೆ ಏರ್ತು, ನೋಡೋಕೆ ಕೆಟ್ಟಂಗಿದೆ, ಆದ್ರೆ ಸರಾಸರಿ 2 + 0.03 × 87 ಅಂದ್ರೆ 4.61ಕ್ಕೆ ಇಳೀತು. ಮಜಾ ಏನಂದ್ರೆ ದೊಡ್ಡ ಎಲ್‌1 ಸ್ವಲ್ಪ ನಿಧಾನ ಆಗಿ ಹಿಟ್ ಟೈಮ್ 2 ಇದ್ದದ್ದು 3 ಆದ್ರೆ ಅದೇ ಲೆಕ್ಕ 5.61, ಮೊದಲಿದ್ದ 4.97ಗಿಂತ ಹಾಳು, ಯಾಕಂದ್ರೆ ಆ ಒಂದು ಸೈಕಲ್ ಸಾವಿರಕ್ಕೆ ಸಾವಿರವೂ ಕಟ್ಟಬೇಕು.

ತಂತಿಬೇಲಿ:
ಓ ಎಲ್‌3 ಇದೆ ನಂದ್ರಲ್ಲಿ. ಸರಿ, `perf list` ನೋಡಿ ಹೇಳ್ತೀನಿ.

ಮಳೆಹುಳು:
ಆ 0.9 ನೋಡಿದ ಮೇಲೆ ನಂಗೆ ಅರ್ಥ ಆಯ್ತು, ಥ್ಯಾಂಕ್ಸ್ ಸರ್. ಮುಂದಿನ ಪ್ರಶ್ನೆಯಲ್ಲಿ ಎಣಿಕೆ ಕೊಟ್ಟೇ ಇಲ್ಲ, ಎಲ್‌1 ಮಿಸ್ ರೇಟ್ 5%, ಎಲ್‌2 ಮಿಸ್ ರೇಟ್ 2% ಅಷ್ಟೇ ಇದೆ. ಲೋಕಲ್ಲಾ ಗ್ಲೋಬಲ್ಲಾ ಹೆಂಗೆ ಗೊತ್ತಾಗತ್ತೆ?

ಹಳೇ ಬೋರ್ಡು:
ಎಲ್‌2 ನಂಬರ್ ಎಲ್‌1ದಕ್ಕಿಂತ ದೊಡ್ಡದಿದ್ರೆ ಅದು ಲೋಕಲ್ಲೇ, ಡೌಟೇ ಬೇಡ, ಯಾಕಂದ್ರೆ ಎಲ್‌1 ದಾಟಿ ಬಂದದ್ದು 5% ಆಗಿರುವಾಗ ಒಟ್ಟಾರೆ ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿ ಮಿಸ್ ಆಗೋಕೆ ದಾರಿನೇ ಇಲ್ಲ. ಚಿಕ್ಕದಿದ್ರೆ ಎರಡೂ ಆಗಬಹುದು. ನಿನ್ನ 2% ಗ್ಲೋಬಲ್ ಅಂದ್ರೆ ಲೋಕಲ್ 40% ಆಗತ್ತೆ, ಅದು ನಂಬೋ ಹಂಗಿದೆ. ಲೋಕಲ್ಲೇ 2% ಅಂದ್ರೆ ಸಾವಿರಕ್ಕೆ ಒಂದೇ ಒಂದು ಮೆಮೊರಿಗೆ ಹೋಗತ್ತೆ, ಚಿಕ್ಕ ಪ್ರೋಗ್ರಾಮ್ ಆದ್ರೆ ಅದೂ ಆಗತ್ತೆ. ನಾನಾಗಿದ್ರೆ ಯಾವುದು ಅಂತ ಇಟ್ಕೊಂಡೆ ಅನ್ನೋದನ್ನ ಮೊದಲ ಸಾಲಲ್ಲೇ ಬರೆದು ಮುಂದೆ ಹೋಗ್ತಿದ್ದೆ.

ಗುಂಡುಪಿನ್:
ಹಂಗೇ 12 ಎಲ್ಲಿಂದ ಎಣಿಸಿದ್ದು ಅಂತಾನೂ ಬರಿ 😄