‘ತಕರಾರು’, ‘ವಿರೋಧ’ ಎರಡೂ ಒಂದೇ ಏನ್ರಿ? ಸಭೆಯಿಲ್ಲದೆ ಆದ ಠರಾವಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ವಿಜಯಪುರದ ಒಂದು ಒಣದ್ರಾಕ್ಷಿ ಕಂಪನಿಯ ನಡಾವಳಿ ಬರೆಯುವುದು ನನ್ನ ಕೆಲಸ. ನಿರ್ದೇಶಕರು ಏಳು ಮಂದಿ. ಕೋಲ್ಡ್ ಸ್ಟೋರೇಜಿನಲ್ಲಿ ಇನ್ನಷ್ಟು ಜಾಗ ಬಾಡಿಗೆಗೆ ಹಿಡಿಯುವ ಠರಾವನ್ನು ಸೋಮವಾರ ಇಮೇಲಿನಲ್ಲಿ ಕಳಿಸಿ, ‘ಗುರುವಾರ ಸಂಜೆ 5ರೊಳಗೆ ತಿಳಿಸಿರಿ’ ಎಂದಿದ್ದೆವು. ನಾಲ್ವರು ಒಪ್ಪಿದರು. ಒಬ್ಬರು ‘ಬಾಡಿಗೆ ಹೆಚ್ಚಾತು, ಬ್ಯಾಡ’ ಅಂದರು. ಇನ್ನೊಬ್ಬರು ‘ಕೂತು ಮಾತಾಡೋಣ, ಸಭೆ ಕರೀರಿ’ ಅಂದರು. ಏಳನೆಯವರ ‘ಒಪ್ಪಿಗೆ’ ಬಂದದ್ದು 6.20ಕ್ಕೆ. ನಾನು ‘ಇಬ್ಬರ ತಕರಾರು, ಉಳಿದವರ ಒಪ್ಪಿಗೆ’ ಎಂದು ಬರೆದರೆ ಅಧ್ಯಕ್ಷರು ಗೀಟು ಹೊಡೆದು ವಾಪಸ್ ಕೊಟ್ಟರು. ಏನು ಬರೀಬೇಕು? ಇದನ್ನ ‘ಸುತ್ತೋಲೆ ಠರಾವು’ ಅನ್ನಬಹುದೇ?

ಜಮಖಂಡಿಯಿಂದ: ಸುತ್ತೋಲೆ ಅಂದರೆ ಮೇಲಿನವರು ಕೆಳಗಿನವರಿಗೆ ಕಳಿಸೋದು. ಇಲ್ಲಿ ಎಲ್ಲರೂ ಸರೀಕರು, ಆ ಪದ ಒಗ್ಗೂದಿಲ್ಲ. ತಡಮಾಡಿದವರನ್ನ ಒಪ್ಪಿದವರ ಲೆಕ್ಕಕ್ಕೇ ಹಾಕ್ರಿ. ಮೌನಂ ಸಮ್ಮತಿ ಲಕ್ಷಣಂ.

ಗೋಕಾಕದಿಂದ: ನಮ್ಮ ಕಾಕಾನ ಹೊಲದ ವಾರಸಾಕ್ಕ ಒಬ್ಬ ತಕರಾರು ಅರ್ಜಿ ಕೊಟ್ಟ, ಎರಡು ವರ್ಷ ಕೆಲಸ ನಿಂತಿತು. ನೀವು ವಕೀಲರನ್ನ ಕೇಳೋದು ಚಲೋ.

ಬೆಳಗಾವಿಯಿಂದ: ಗೋಕಾಕದವರು ಹೊಲದ ಮಾತಾಡಿದರೂ ಪದದ ಗುಟ್ಟು ಅಲ್ಲೇ ಇದೆ. ನಮ್ಮ ಕಡೆ ತಕರಾರು ಬಿತ್ತಂದ್ರ ಕೆಲಸ ನಿಂತಂಗ. ಬಾಡಿಗೆ ಹೆಚ್ಚು ಅಂದವರು ಠರಾವನ್ನು ನಿಲ್ಲಿಸಲಿಲ್ಲ, ಬೇಡವೆಂದು ಮತ ಕೊಟ್ಟರು ಅಷ್ಟೆ. ಅದು ‘ವಿರೋಧ’. ಸಭೆ ಕೇಳಿದವರು ಬಾಡಿಗೆ ಬಗ್ಗೆ ಏನೂ ಹೇಳಿಲ್ಲ, ತೀರ್ಮಾನಿಸುವ ರೀತಿಗೇ ಅಡ್ಡ ಬಂದಿದ್ದಾರೆ. 2013ರ ಕಂಪನಿ ಕಾಯ್ದೆಯ 175ನೇ ಕಲಮಿನಂತೆ ಒಟ್ಟು ನಿರ್ದೇಶಕರಲ್ಲಿ ಮೂರನೇ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ ಹಾಗೆ ಕೇಳಿದರೆ ಅಧ್ಯಕ್ಷರು ವಿಷಯವನ್ನು ಸಭೆಗೇ ಒಯ್ಯಬೇಕು. ಏಳರಲ್ಲಿ ಅದು ಮೂವರು. ನಿಮ್ಮಲ್ಲಿ ಒಬ್ಬರೇ, ನಾಲ್ವರ ಬಹುಮತವೂ ಇದೆ, ಠರಾವು ಪಾಸಾಯಿತು. ಆದರೆ ‘ಇಬ್ಬರ ತಕರಾರು’ ಅಂತ ಬರೆದರೆ, ಇನ್ನೊಬ್ಬರು ಸೇರಿದ್ದರೆ ಠರಾವೇ ನಿಲ್ಲುತ್ತಿತ್ತು ಎಂದು ಓದುವವರು ತಿಳಿದಾರು. ಅಧ್ಯಕ್ಷರು ಗೀಟು ಹೊಡೆದದ್ದು ಸರಿ.

ಜಮಖಂಡಿ ಮಾಸ್ತರರೇ, ಮೌನ ಇಲ್ಲಿ ಸಮ್ಮತಿಯಲ್ಲ. ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯ ಎಸ್‌ಎಸ್-1 ಎಂಬ ಸಭಾ ನಿಯಮಗಳ ಪ್ರಕಾರ ಕೊನೆಯ ದಿನದೊಳಗೆ ಉತ್ತರಿಸದವರು ‘ತಟಸ್ಥ’ರು. ಸುತ್ತೋಲೆ ಬಗ್ಗೆ ನೀವು ಹೇಳಿದ್ದು ಒಪ್ಪುವೆ. ನಾನು ‘ಸುತ್ತಿನ ಠರಾವು’ ಅಂತೀನಿ, ಕಾಗದ ಎಲ್ಲರ ಬಳಿ ಒಂದು ಸುತ್ತು ಬರುತ್ತದಲ್ಲ.

ಮತ್ತೆ ನಾನೇ: ಉಪಕಾರ ಆತು ಸರ್. ಮುಂದಿನ ಸಭೆಯ ನಡಾವಳಿಗೆ ಹೀಗೆ ಬರೆದಿದ್ದೇನೆ: ‘ಸುತ್ತಿನ ಠರಾವು ನಾಲ್ವರ ಒಪ್ಪಿಗೆಯಿಂದ ಅಂಗೀಕಾರವಾದುದನ್ನು ಸಭೆ ದಾಖಲಿಸಿತು. ಒಬ್ಬರ ವಿರೋಧ, ಕಾರಣ, ಬಾಡಿಗೆ ಹೆಚ್ಚು. ಸಭೆ ಕರೆಯಬೇಕೆಂದು ಒಬ್ಬರ ಕೋರಿಕೆ.’ ಏಳನೆಯವರನ್ನು ತಟಸ್ಥರೆನ್ನಲು ಕೈ ಬರ್ತಾ ಇಲ್ಲ. ನಿಯಮ ಹೇಳೋದು ಕೊನೆಯ ದಿನ, ಸಂಜೆ 5 ಅಂತ ಇಟ್ಟವರು ನಾವು, ಅವರ ಉತ್ತರ ಬಂದದ್ದು ಗುರುವಾರವೇ.

ಬೆಳಗಾವಿಯಿಂದ: ಅದಕ್ಕ ನನ್ನ ಬಳಿಯೂ ಗಟ್ಟಿ ಉತ್ತರ ಇಲ್ಲ. ‘6.20ಕ್ಕೆ ಒಪ್ಪಿಗೆ ಬಂತು’ ಅಂತ ಹೊತ್ತು ಹಾಕಿ ಬಿಡ್ರಿ.