ಅಪ್‌ಡೇಟ್: ಕನಿಷ್ಠ ಪಾವತಿಯ ನಾಲ್ಕು ತಿಂಗಳ ಲೆಕ್ಕ

ನನ್ನ ಪ್ರಶ್ನೆ: ಕಾಫಿ ಮಾರಾಟವಾಗುವವರೆಗೆ ಪ್ರತಿ ತಿಂಗಳು ಕನಿಷ್ಠ ಮೊತ್ತ ಕಟ್ಟುತ್ತಿದ್ದರೂ ಕ್ರೆಡಿಟ್ ಕಾರ್ಡ್ ಸಾಲ ಏಕೆ ಇಳಿಯುತ್ತಿಲ್ಲ?

ಸೋಮವಾರಪೇಟೆಯ ಮನೆಯಲ್ಲಿ ಅಕ್ಕನ ಜೊತೆ ಕುಳಿತು ಸ್ಟೇಟ್‌ಮೆಂಟ್‌ಗಳನ್ನು ಲೆಕ್ಕ ಹಾಕಿದೆ. ಆರಂಭದ ಬಾಕಿ 40,000 ರೂಪಾಯಿ. ಕನಿಷ್ಠ ಪಾವತಿ ಶೇ 5, ಬಡ್ಡಿ ತಿಂಗಳಿಗೆ ಶೇ 3.5, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. ಮೊದಲ ತಿಂಗಳು 2,000 ಕಟ್ಟಿದೆ. ಉಳಿದ 38,000ಕ್ಕೆ ಬಡ್ಡಿ 1,330, ತೆರಿಗೆ 239. ಸಾಲ ಇಳಿದದ್ದು ಬರೀ 431! ನಾಲ್ಕು ತಿಂಗಳಲ್ಲಿ ಕಟ್ಟಿದ್ದು ಸುಮಾರು 7,870, ಬಾಕಿ ಇಳಿದದ್ದು ಸುಮಾರು 1,690.

ಇದಕ್ಕಿಂತ ಸಿಟ್ಟು ತರಿಸಿದ್ದು ಐದನೆಯ ಸ್ಟೇಟ್‌ಮೆಂಟ್. ಹಳೆಯ ಬಾಕಿಗೆ ಬರಬೇಕಾದ ಬಡ್ಡಿಗಿಂತ ಅದರಲ್ಲಿನ ಅಂಕಿ ಹೆಚ್ಚಿತ್ತು. ಅದೇ ಕಾರ್ಡ್‌ನಲ್ಲಿ ಗೊಬ್ಬರ ಕೊಂಡಿದ್ದೆ; ಕೊಂಡ ದಿನದಿಂದಲೇ ಆ ಮೊತ್ತಕ್ಕೂ ಬಡ್ಡಿ ಬಿದ್ದಿದೆ. ಬಾಕಿ ಉಳಿದಿರುವಾಗ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಆ ಕಾರ್ಡ್‌ನಲ್ಲಿ ಹೊಸ ಖರೀದಿ ನಿಲ್ಲಿಸಿದ್ದೇನೆ. ಕರಿಮೆಣಸು ಮಾರಿದ ಹಣವೆಲ್ಲ ನೇರವಾಗಿ ಬಾಕಿಗೆ ಹೋಗಲಿದೆ.